ನಮ್ಮ ಬೆಕ್ಕು ಕರಿಯನ ಆರೈಕೆಗಾಗಿ ಸುಮತಿ ಅಕ್ಕನವರಿಗೆ ಸೂಚನೆಗಳು (ಜೂನ್ 14ರಿಂದ 21)

ಸುಮತಿ ಅಕ್ಕ,

ಅತ್ತೆಯವರ ಕಣ್ಣಿನ ಶಸ್ತ್ರಚಿಕಿತ್ಸೆಗಾಗಿ ನಾವೆಲ್ಲರೂ ಬೆಂಗಳೂರಿಗೆ ಹೊರಟಿದ್ದೇವೆ. 14ರ ಬೆಳಗಿನ ಊಟವನ್ನು ನಾವೇ ಹಾಕಿ ಹೋಗುತ್ತೇವೆ; ಆ ದಿನ ಸಂಜೆಯಿಂದ ಕರಿಯ ನಿಮ್ಮ ಪಾಲಿಗೆ. ಬೆಳಿಗ್ಗೆ ಏಳೂವರೆ ಮತ್ತು ಸಂಜೆ ಆರೂವರೆ ಅವನ ಊಟದ ಹೊತ್ತು. ಅರ್ಧ ಗಂಟೆ ಹೆಚ್ಚುಕಡಿಮೆಯಾದರೆ ತೊಂದರೆಯಿಲ್ಲ, ಆದರೆ ಎರಡು ಸಲವೂ ಬಂದು ನೋಡಲೇಬೇಕು. ಅದಕ್ಕೆ ಕಾರಣವನ್ನು ಮೊದಲೇ ಹೇಳಿಬಿಡುತ್ತೇನೆ.

ಕಳೆದ ವರ್ಷ ಮಳೆಗಾಲದಲ್ಲಿ ಕರಿಯನಿಗೆ ಮೂತ್ರ ಕಟ್ಟಿತ್ತು. ಅವನು ಮತ್ತೆ ಮತ್ತೆ ಮರಳಿನ ಟ್ರೇಗೆ ಹೋಗಿ, ಬೆನ್ನು ಬಾಗಿಸಿ ಕುಳಿತು, ಸಣ್ಣದಾಗಿ ನರಳಿ, ಏನೂ ಆಗದೆ ಎದ್ದು ಬರುತ್ತಿದ್ದ. ನಾವು ಮಲಬದ್ಧತೆ ಇರಬೇಕೆಂದು ಭಾವಿಸಿ ಒಂದು ರಾತ್ರಿ ಕಾದೆವು. ಬೆಳಿಗ್ಗೆ ನೋಡುವಾಗ ಅವನಿಗೆ ತಲೆ ಎತ್ತಲೂ ತ್ರಾಣವಿರಲಿಲ್ಲ. ಗಂಡು ಬೆಕ್ಕುಗಳ ಮೂತ್ರನಾಳ ಬಹಳ ಕಿರಿದು. ಅದು ಪೂರ್ತಿ ಕಟ್ಟಿದರೆ ಒಂದೆರಡು ದಿನಗಳಲ್ಲೇ ಪ್ರಾಣ ಹೋಗಬಹುದು. ಆದ್ದರಿಂದ ನಿಮ್ಮಲ್ಲಿ ನಾನು ಬೇಡುವ ಮುಖ್ಯ ಕೆಲಸ ಊಟ ಹಾಕುವುದಲ್ಲ, ಟ್ರೇ ನೋಡುವುದು.

ಟ್ರೇ ಹಿಂದಿನ ಬಚ್ಚಲಿನ ಮೂಲೆಯಲ್ಲಿದೆ. ಅವನು ಮೂತ್ರ ಮಾಡಿದಲ್ಲಿ ಮರಳು ಗಟ್ಟಿಯಾಗಿ ಚಿಕ್ಕ ನಿಂಬೆಯಷ್ಟು ಅಥವಾ ಅದಕ್ಕಿಂತ ದೊಡ್ಡ ಉಂಡೆಯಾಗುತ್ತದೆ. ಸೌಟಿನಿಂದ ಅವನ್ನು ತೆಗೆಯುವಾಗ ಎಣಿಸಿ, ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಚೌಕದೊಳಗೆ ಬರೆದಿಡಿ. ಅವನಿಗೆ ದಿನಕ್ಕೆ ಎರಡರಿಂದ ನಾಲ್ಕು ಉಂಡೆ ಸಹಜ. ಬೆಳಿಗ್ಗೆ ಉಂಡೆಯೇ ಇಲ್ಲದಿದ್ದರೆ, ಅಥವಾ ಕಡಲೆಯಷ್ಟು ಪುಟ್ಟ ಉಂಡೆಗಳು ಮಾತ್ರ ಇದ್ದರೆ, ಅಥವಾ ಅವನು ಪದೇ ಪದೇ ಟ್ರೇಯಲ್ಲಿ ಕುಳಿತು ಕೂಗುತ್ತಿದ್ದರೆ, ಸಂಜೆಯವರೆಗೆ ಕಾಯಬೇಡಿ. ಕೂಡಲೇ ನನಗೆ ಫೋನ್ ಮಾಡಿ, ಚಾವಡಿಯ ಬೆಂಚಿನಡಿಯ ನೀಲಿ ಬುಟ್ಟಿಯಲ್ಲಿ ಅವನನ್ನು ಹಾಕಿಕೊಂಡು ರಿಕ್ಷಾದಲ್ಲಿ ಡಾಕ್ಟರರ ಬಳಿಗೆ ಹೋಗಿ. ಅವರ ನಂಬರು ಫ್ರಿಡ್ಜಿನ ಬಾಗಿಲಲ್ಲಿದೆ, ಮೂರು ಸಾವಿರ ರೂಪಾಯಿ ಬುಟ್ಟಿಯೊಳಗಿನ ಕವರಿನಲ್ಲಿದೆ. ನಾನು ಫೋನ್ ಎತ್ತದಿದ್ದರೂ ನನ್ನ ಒಪ್ಪಿಗೆಗೆ ಕಾಯಬೇಕಿಲ್ಲ.

ಊಟ ಸುಲಭ. ಪ್ರತಿ ಹೊತ್ತಿಗೆ ಡಬ್ಬಿಯೊಳಗಿನ ಸ್ಟೀಲ್ ಲೋಟದಲ್ಲಿ ಗೀರು ಹಾಕಿದ ಮಟ್ಟದವರೆಗೆ ಒಣ ಆಹಾರ, ಜೊತೆಗೆ ಅರ್ಧ ಪ್ಯಾಕೆಟ್ ಹಸಿ ಆಹಾರ. ಹಸಿ ಆಹಾರಕ್ಕೆ ಮೂರು ಚಮಚ ನೀರು ಬೆರೆಸಿ ಕೊಟ್ಟರೆ ಅವನ ಹೊಟ್ಟೆಗೆ ನೀರು ಹೋದಂತಾಗುತ್ತದೆ. ಅವನಿಗೆ ಅದು ಔಷಧಕ್ಕೆ ಸಮ. ಉಳಿದರ್ಧ ಫ್ರಿಡ್ಜಿನಲ್ಲಿರಲಿ, ಗಾಳಿಮಳೆಗೆ ಕರೆಂಟು ಹೋಗಿ ಬಹಳ ಹೊತ್ತು ಬಾರದಿದ್ದರೆ ಅದನ್ನು ಎಸೆದು ಹೊಸ ಪ್ಯಾಕೆಟ್ ಒಡೆಯಿರಿ, ಸಾಕಷ್ಟು ಇಟ್ಟಿದ್ದೇನೆ. ಈ ತಂಡಿಗೆ ಒಣ ಆಹಾರ ಮೆತ್ತಗಾಗಿ ಬೂಸ್ಟು ಹಿಡಿಯುವುದರಿಂದ ಡಬ್ಬಿಯ ಮುಚ್ಚಳವನ್ನು ಬಿಗಿಯಾಗಿ ಹಾಕಿ. ಇರುವೆ ಬಾರದಂತೆ ಊಟದ ಬಟ್ಟಲನ್ನು ನೀರು ತುಂಬಿದ ತಟ್ಟೆಯ ನಡುವೆ ಇಡಿ. ಕುಡಿಯುವ ನೀರಿನ ಎರಡು ಬಟ್ಟಲುಗಳನ್ನೂ ದಿನಾಲೂ ತೊಳೆದು ತುಂಬಬೇಕು.

ನಿಮಗೆ ಅವನ ಮೇಲೆ ಎಷ್ಟು ಪ್ರೀತಿ ಎಂಬುದನ್ನು ಬಲ್ಲೆ, ಆದ್ದರಿಂದಲೇ ಸ್ಪಷ್ಟವಾಗಿ ಬರೆಯುತ್ತಿದ್ದೇನೆ: ಬಂಗುಡೆ ಪುಳಿಮುಂಚಿಯ ಒಂದು ತುಂಡನ್ನೂ ಕೊಡಬೇಡಿ. ನೀರುಳ್ಳಿ, ಬೆಳ್ಳುಳ್ಳಿ ಬೆಕ್ಕಿನ ರಕ್ತಕ್ಕೇ ವಿಷ. ಮಸಾಲೆಯ ಉಪ್ಪು, ಖಾರವೂ ಅವನಿಗೆ ಆಗದು. ಹಾಲು ಕುಡಿದರೆ ಅವನಿಗೆ ಭೇದಿಯಾಗುತ್ತದೆ. ಮೈ ಬಿಸಿಯಾದಂತೆ ತೋರಿದರೂ ನಮ್ಮ ಜ್ವರದ ಮಾತ್ರೆಯನ್ನು ಖಂಡಿತ ಕೊಡಕೂಡದು, ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲುತ್ತದೆ. ಅವನು ಇಡೀ ಒಂದು ದಿನ ಏನನ್ನೂ ಮುಟ್ಟದಿದ್ದರೆ ನನಗೆ ತಿಳಿಸಿ.

ಅವನನ್ನು ಹೊರಗೆ ಬಿಡಬೇಡಿ. ಮಳೆಗೆ ಹಿತ್ತಿಲಿನ ತೆಂಗಿನಗರಿ ರಾಶಿಯಲ್ಲಿ ಹಾವುಗಳು ಸೇರಿಕೊಳ್ಳುತ್ತವೆ, ಇವನೋ ಅಲುಗಿದ್ದೆಲ್ಲವನ್ನೂ ಹಿಡಿಯಲು ಹೋಗುವವನು. ಮೊದಲು ಜಗಲಿಯ ಗ್ರಿಲ್ ಒಳಗಿನಿಂದ ಹಾಕಿಕೊಂಡು, ಆಮೇಲೆ ಮುಂಬಾಗಿಲು ತೆರೆಯಿರಿ. ಬಾಗಿಲ ಸಂದಿಯಲ್ಲಿ ಅವನು ಕಾಲಿನ ನಡುವೆ ನುಸುಳುತ್ತಾನೆ. ಅಡುಗೆಮನೆಯ ಕಿಟಕಿ ಮುಚ್ಚಿಯೇ ಇರಲಿ.

ನೀವು ಬಂದಾಗ ಕಾಣಿಸದಿದ್ದರೆ ಗಾಬರಿಯಾಗಬೇಡಿ. ಗುಡುಗು ಬಂದ ದಿನ ಅವನು ಅತ್ತೆಯವರ ಮಂಚದಡಿಯ ಚಾಪೆ ಸುರುಳಿಯ ಹಿಂದೆ ಕಿವಿ ಮಡಚಿಕೊಂಡು ಕುಳಿತಿರುತ್ತಾನೆ. ಎಳೆಯಬೇಡಿ, ಪರಚುತ್ತಾನೆ. ಒಣ ಆಹಾರದ ಡಬ್ಬಿಯನ್ನು ಎರಡು ಸಲ ಅಲ್ಲಾಡಿಸಿ ಹಾಲಿನಲ್ಲಿ ಸುಮ್ಮನೆ ಕುಳಿತರೆ ಸ್ವಲ್ಪ ಹೊತ್ತಿನಲ್ಲಿ ತಾನಾಗಿ ಬರುತ್ತಾನೆ. ಹೇಗೂ ಅವನನ್ನು ಕಣ್ಣಾರೆ ಕಾಣದೆ ಬಾಗಿಲು ಹಾಕಬೇಡಿ. ಸಮಯವಿದ್ದರೆ ಹತ್ತು ನಿಮಿಷ ಕುಳಿತು ಮಾತಾಡಿಸಿ. ಅವನಿಗೆ ಗದ್ದದ ಕೆಳಗೆ ಕೆರೆದರೆ ಇಷ್ಟ, ಹೊಟ್ಟೆ ಮುಟ್ಟಿದರೆ ಇಲ್ಲ.

21ರ ಸಂಜೆಯ ಊಟವನ್ನೂ ನೀವೇ ಹಾಕಬೇಕು, ನಾವು ಮನೆ ಮುಟ್ಟುವಾಗ ರಾತ್ರಿ ಹನ್ನೊಂದು ದಾಟುತ್ತದೆ. ಬೀಗದ ಕೈಯನ್ನು ಮರುದಿನ ನಾನೇ ಬಂದು ತೆಗೆದುಕೊಳ್ಳುತ್ತೇನೆ.

ನಿಮ್ಮ,
ವೀಣಾ