ಶಾಲೆಯ ದಾಖಲಾತಿಗೆ ಹೊಸ ವೆಬ್‌ಸೈಟ್: ನನ್ನ ಪ್ರಸ್ತಾವ

ಮುಖ್ಯೋಪಾಧ್ಯಾಯಿನಿಯವರಿಗೆ ನಮಸ್ಕಾರ ಮೇಡಂ,

ನಾನು ಸುಮಾ, ತಿಪಟೂರಿನಲ್ಲೇ ಇದ್ದು ಸ್ವಂತವಾಗಿ ವೆಬ್‌ಸೈಟ್ ವಿನ್ಯಾಸ ಮಾಡುತ್ತೇನೆ. ಹೋದ ವಾರ ಅಕ್ಕನ ಮಗನಿಗೆ ಅರ್ಜಿ ತರಲು ನಿಮ್ಮ ಶಾಲೆಗೆ ಬಂದಿದ್ದೆ. ಸುಮಾರು ಇಪ್ಪತ್ತು ಜನ ಸಾಲಿನಲ್ಲಿದ್ದರು, ಹೆಚ್ಚಿನವರು ಕೇಳುತ್ತಿದ್ದುದು ಒಂದೇ: ಒಂದನೇ ತರಗತಿಗೆ ವಯಸ್ಸು ಎಷ್ಟಾಗಿರಬೇಕು, ಏನೇನು ದಾಖಲೆ ಬೇಕು, ಶುಲ್ಕ ಎಷ್ಟು. ಇದಕ್ಕಾಗಿ ಕೂಲಿ ಬಿಟ್ಟು ಬಂದವರೂ ಇದ್ದರು. ಇಷ್ಟು ಫೋನಿನಲ್ಲೇ ಸಿಕ್ಕಿದ್ದರೆ ಚೆನ್ನಾಗಿತ್ತು, ಅಲ್ವಾ?

ಈಗಿನ ವೆಬ್‌ಸೈಟ್ ಮೊಬೈಲಿನಲ್ಲಿ ಸರಿಯಾಗಿ ಕಾಣುವುದಿಲ್ಲ, ಅರ್ಜಿಯ ಪಿಡಿಎಫ್ ತೆರೆಯುವುದಿಲ್ಲ. ನಾನು ಮಾಡಿಕೊಡುವುದು ಕನ್ನಡ, ಇಂಗ್ಲಿಷ್ ಎರಡರಲ್ಲೂ ಇರುವ ಆರು ಪುಟಗಳ ಹಗುರವಾದ ವೆಬ್‌ಸೈಟ್. ಹುಟ್ಟಿದ ದಿನಾಂಕ ಹಾಕಿದರೆ ಮಗು ಯಾವ ತರಗತಿಗೆ ಸೇರಬಹುದು ಎಂದು ತಿಳಿಯುತ್ತದೆ, ಜನನ ಪ್ರಮಾಣಪತ್ರದ ಫೋಟೋ ತೆಗೆದು ಅಲ್ಲೇ ಹಾಕಬಹುದು, ತುಂಬಿದ ಅರ್ಜಿಗಳೆಲ್ಲ ನಿಮ್ಮ ಕಚೇರಿಯ ಒಂದೇ ಪಟ್ಟಿಗೆ ಬರುತ್ತವೆ. ಮಕ್ಕಳ ವಿವರ ಹೊರಗಿನವರಿಗೆ ಕಾಣುವುದಿಲ್ಲ, ಇದರಲ್ಲಿ ನಾನು ತುಂಬಾ ಕಟ್ಟುನಿಟ್ಟು. ಫೋನ್ ಇಲ್ಲದವರಿಗೆ ಕಾಗದದ ಅರ್ಜಿಯೂ ಇರಲಿ.

ಒಟ್ಟು 38,000 ರೂಪಾಯಿ. ಶುರುವಿಗೆ 15,000, ಉಳಿದದ್ದು ನೀವು ನೋಡಿ ಒಪ್ಪಿದ ಮೇಲೆ. ವೆಬ್‌ಸೈಟಿನ ವಿಳಾಸ ಅಂದರೆ ಡೊಮೇನ್, ಅದನ್ನು ಇಂಟರ್ನೆಟ್‌ನಲ್ಲಿ ಇಡುವ ಜಾಗ ಅಂದರೆ ಹೋಸ್ಟಿಂಗ್, ಇವುಗಳ ಖರ್ಚು ಬೇರೆ, ಅವೆರಡೂ ಶಾಲೆಯ ಹೆಸರಲ್ಲೇ ಇರಬೇಕು. ನಾಳೆ ನಾನು ಇರಲಿ ಬಿಡಲಿ, ಕೀಲಿ ನಿಮ್ಮ ಕೈಯಲ್ಲಿರುತ್ತದೆ. ಮೂರು ವಾರದಲ್ಲಿ ಮುಗಿಸುತ್ತೇನೆ. ಆಮೇಲೆ ಒಂದು ವರ್ಷ ಸಣ್ಣಪುಟ್ಟ ತಿದ್ದುಪಡಿಗೆ ಹಣ ಕೇಳುವುದಿಲ್ಲ, ಕಚೇರಿಯವರಿಗೆ ಒಂದು ದಿನ ಕೂತು ಕಲಿಸಿಕೊಡುತ್ತೇನೆ.

ಒಂದು ಮಾದರಿ ಪುಟ ಈಗಾಗಲೇ ಮಾಡಿದ್ದೇನೆ. ಶನಿವಾರ ಶಾಲೆ ಬಿಟ್ಟ ಮೇಲೆ ಅರ್ಧ ಗಂಟೆ ಕೊಟ್ಟರೆ ಬಂದು ತೋರಿಸುತ್ತೇನೆ.

ಇಂತಿ,
ಸುಮಾ