ವಿಷಯ: ಕೆಟಲ್ ಹಿಂದಿರುಗಿಸುವ ನಿಮ್ಮ ಕೋರಿಕೆಯ ಕುರಿತು

ಮಾನ್ಯ ಗ್ರಾಹಕರೇ,

ನಿಮ್ಮ ಪತ್ರವನ್ನೂ ಅದರೊಂದಿಗೆ ಕಳುಹಿಸಿದ ಚಿತ್ರಗಳನ್ನೂ ಗಮನವಿಟ್ಟು ನೋಡಿದ್ದೇವೆ. ಕೆಟಲ್ ನಿಮ್ಮ ಕೈಸೇರಿ 47 ದಿನಗಳಾಗಿದ್ದು, ಹಿಂದಿರುಗಿಸಲು ಇದ್ದ 30 ದಿನಗಳ ಅವಧಿ ಮುಗಿದಿರುವುದರಿಂದ, ಅದನ್ನು ವಾಪಸ್ ಪಡೆದು ಹಣ ಮರಳಿಸಲು ನಮಗೆ ಸಾಧ್ಯವಾಗುತ್ತಿಲ್ಲ. ಇದಕ್ಕಾಗಿ ವಿಷಾದಿಸುತ್ತೇವೆ.

ಆದರೆ ಮುಚ್ಚಳದ ಕೊಂಡಿ ಸಡಿಲಗೊಂಡು, ನೀರು ಬಗ್ಗಿಸುವಾಗ ಮುಚ್ಚಳ ತಾನಾಗಿಯೇ ತೆರೆದುಕೊಳ್ಳುವುದು ಚಿತ್ರಗಳಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇದು ನಿಮ್ಮ ಬಳಕೆಯಿಂದಾದ ದೋಷವಲ್ಲವೆಂಬುದು ನಮ್ಮ ಅಭಿಪ್ರಾಯವಾದ್ದರಿಂದ, ಒಂದು ವರ್ಷದ ವಾರಂಟಿಯಡಿ ಹೊಸ ಮುಚ್ಚಳವನ್ನು ಉಚಿತವಾಗಿ ಅಳವಡಿಸಿಕೊಡುತ್ತೇವೆ. ನೀವು ಒಪ್ಪುವುದಾದರೆ ಬಿಲ್ಲಿನ ಪ್ರತಿಯೊಂದಿಗೆ ಉತ್ತರಿಸಿ. ನಮ್ಮ ಸಿಬ್ಬಂದಿಯೇ ಮನೆಗೆ ಬಂದು ಕೆಟಲ್ ಒಯ್ಯುತ್ತಾರೆ, ಸಾಗಣೆ ವೆಚ್ಚವೂ ನಮ್ಮದೇ. ಬಿಸಿನೀರು ಕೈಮೇಲೆ ಚೆಲ್ಲುವ ಅಪಾಯವಿರುವುದರಿಂದ, ಅಲ್ಲಿಯವರೆಗೆ ದಯವಿಟ್ಟು ಅದನ್ನು ಬಳಸಬೇಡಿ.

ಇಂತಿ ವಂದನೆಗಳೊಂದಿಗೆ,
ಗ್ರಾಹಕ ಸೇವಾ ವಿಭಾಗ