ಮುಖ್ಯ ಕಾರ್ಯನಿರ್ವಹಣಾಧಿಕಾರಿ ಹುದ್ದೆಗೆ ಅರ್ಜಿ: ಟೊಮೆಟೊ ಸಂಗ್ರಹಣೆ, ಮಾರಾಟ, ಪಾವತಿ ನಿರ್ವಹಣೆಯ ಅನುಭವ

ಗೆ,
ಅಧ್ಯಕ್ಷರು ಹಾಗೂ ನಿರ್ದೇಶಕ ಮಂಡಳಿಯ ಸದಸ್ಯರು,
ಟೊಮೆಟೊ ಬೆಳೆಗಾರರ ಉತ್ಪಾದಕರ ಕಂಪನಿ, ಕೋಲಾರ

ಮಾನ್ಯರೇ,

ತಮ್ಮ ಕಂಪನಿಯ ಮುಖ್ಯ ಕಾರ್ಯನಿರ್ವಹಣಾಧಿಕಾರಿ ಹುದ್ದೆಗೆ ಈ ಅರ್ಜಿ ಸಲ್ಲಿಸುತ್ತಿದ್ದೇನೆ. ಚಿಂತಾಮಣಿ ಭಾಗದ ತರಕಾರಿ ಬೆಳೆಗಾರರ ಉತ್ಪಾದಕರ ಕಂಪನಿಯೊಂದರಲ್ಲಿ ನಾನು ಕಾರ್ಯಾಚರಣೆ ವಿಭಾಗದ ಮುಖ್ಯಸ್ಥೆ. 2021–22ರಿಂದ 2024–25ರವರೆಗೆ ನನ್ನ ವಿಭಾಗದಲ್ಲಿ ಆದ ಕೆಲಸ ಇಷ್ಟು:

ಮಾರಾಟ: ವರ್ಷಕ್ಕೆ 1,900 ಟನ್‌ನಿಂದ 6,100 ಟನ್‌ಗೆ, ಮಾಲು ಕೊಡುವ ಸದಸ್ಯರು 640ರಿಂದ 1,480ಕ್ಕೆ.
ತಿರಸ್ಕೃತ ಮಾಲು: ಖರೀದಿದಾರರ ಗೇಟಿನಲ್ಲಿ 100 ಕೆ.ಜಿ.ಗೆ 14 ಕೆ.ಜಿ.ಯಿಂದ 6 ಕೆ.ಜಿ.ಗೆ.
ಪಾವತಿ: ರೈತರ ಖಾತೆಗೆ ಹಣ ಸೇರುವ ಸರಾಸರಿ ಅವಧಿ 19 ದಿನದಿಂದ 4 ದಿನಕ್ಕೆ.

ಮಾರಾಟವನ್ನು ಉದ್ದೇಶಪೂರ್ವಕವಾಗಿಯೇ ಟನ್‌ಗಳಲ್ಲಿ ಹೇಳಿದ್ದೇನೆ. 2023ರ ಜುಲೈನಲ್ಲಿ ಕೋಲಾರದ ಎಪಿಎಂಸಿ ಪ್ರಾಂಗಣದಲ್ಲಿ 15 ಕೆ.ಜಿ. ಬಾಕ್ಸ್ 2,000 ರೂಪಾಯಿ ದಾಟಿದ್ದನ್ನು ತಾವೆಲ್ಲ ನೋಡಿದ್ದೀರಿ. ಅಂಥ ವರ್ಷದಲ್ಲಿ ಯಾರ ವಹಿವಾಟಾದರೂ ರೂಪಾಯಿ ಲೆಕ್ಕದಲ್ಲಿ ಏರುತ್ತದೆ. ಅದು ದರದ ಏರಿಕೆ, ಆಡಳಿತದ ಸಾಧನೆಯಲ್ಲ. ದರ ಬಿದ್ದಾಗಲೂ ರೈತರು ನಮ್ಮ ಕೇಂದ್ರಕ್ಕೇ ಬಾಕ್ಸ್ ತಂದರೇ ಎಂಬುದನ್ನು ಟನ್ ಲೆಕ್ಕ ತೋರಿಸುತ್ತದೆ.

ಈ ಮೂರರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವಾದದ್ದು ಪಾವತಿಯ ಸಾಲು. ಇದಕ್ಕೂ ಮೊದಲು ನಾನು ಹಾಲು ಸಂಗ್ರಹಣೆಯ ಕೆಲಸದಲ್ಲಿದ್ದೆ. ಡೇರಿಯಲ್ಲಿ ಹಾಲು ಹಾಕಿದ ಕೂಡಲೇ ಎಷ್ಟು ಲೀಟರ್, ಕೊಬ್ಬಿನ ಅಂಶ ಎಷ್ಟು ಎಂಬ ಚೀಟಿ ಕೈಗೆ ಬರುತ್ತದೆ, ಬಟವಾಡೆ ಯಾವಾಗ ಎಂಬುದೂ ಗೊತ್ತಿರುತ್ತದೆ. ಅದೇ ರೈತ ಟೊಮೆಟೊ ಮಾರುವಾಗ ಮಾತ್ರ ದರ್ಜೆ, ಕಡಿತ, ಹಣ ಬರುವ ದಿನ, ಯಾವುದೂ ಮುಂಚಿತವಾಗಿ ತಿಳಿಯದೆ ಏಕೆ ಕಾಯಬೇಕು? ಈ ಪ್ರಶ್ನೆಯಿಂದಲೇ ನಮ್ಮ ಕೇಂದ್ರಗಳಲ್ಲಿ ದರ್ಜೆ ಚೀಟಿ ಶುರುವಾಯಿತು. ತೂಕ, ದರ್ಜೆ, ತೆಗೆದ ಮಾಲು, ಅದಕ್ಕೆ ಕಾರಣ, ಎಲ್ಲವನ್ನೂ ರೈತರ ಎದುರಿನಲ್ಲೇ ಬರೆದು ಕೊಡುತ್ತೇವೆ. ಖರೀದಿದಾರರ ಬಿಲ್‌ಗಳ ಆಧಾರದ ಮೇಲೆ ಬ್ಯಾಂಕಿನಿಂದ ದುಡಿಯುವ ಬಂಡವಾಳ ಪಡೆದು ನಾಲ್ಕನೆಯ ದಿನಕ್ಕೆ ಹಣ ಹಾಕುತ್ತೇವೆ. ಬಡ್ಡಿಯ ಖರ್ಚು ಇದ್ದೇ ಇದೆ. ಆದರೆ ತಿರಸ್ಕೃತ ಮಾಲು ಕಡಿಮೆಯಾಗಿ ಉಳಿದ ಹಣ ಆ ಬಡ್ಡಿಗಿಂತ ಹೆಚ್ಚು. ಲೆಕ್ಕಪರಿಶೋಧಿತ ವರದಿಯಲ್ಲಿ ಎರಡನ್ನೂ ನೋಡಬಹುದು.

ತಿರಸ್ಕಾರ ಇಳಿಯಲು ದೊಡ್ಡ ಯಂತ್ರವೇನೂ ಬೇಕಾಗಲಿಲ್ಲ. ದೂರದ ಊರಿಗೆ ಹೋಗುವ ಹಣ್ಣನ್ನು ಬಣ್ಣ ತಿರುಗುವ ಹಂತದಲ್ಲೇ ಕೀಳುವುದು, ಬಿಸಿಲೇರುವ ಮುನ್ನ ಕೊಯ್ಲು ಮುಗಿಸುವುದು, ಕೆಳಗಿನ ಹಣ್ಣು ಜಜ್ಜುವಷ್ಟು ಬಾಕ್ಸ್ ತುಂಬದಿರುವುದು. ಇವು ಯಾರಿಗೂ ಗೊತ್ತಿಲ್ಲದ ಸಂಗತಿಗಳಲ್ಲ. ಚೀಟಿಯಲ್ಲಿ ಕಾರಣ ಬರೆಯತೊಡಗಿದ ಮೇಲೆ ಅವು ಪ್ರತಿ ತೋಟದಲ್ಲೂ ನಡೆಯತೊಡಗಿದವು.

ತಮ್ಮ ಪ್ರಕಟಣೆಯಲ್ಲಿ ಸಂಸ್ಕರಣಾ ಘಟಕದ ಉದ್ದೇಶವನ್ನು ಹೇಳಿದ್ದೀರಿ. ಕೇಂದ್ರದ ‘ಒಂದು ಜಿಲ್ಲೆ, ಒಂದು ಉತ್ಪನ್ನ’ ಯೋಜನೆಯಲ್ಲಿ ಕೋಲಾರಕ್ಕೆ ಟೊಮೆಟೊ ನಿಗದಿಯಾಗಿರುವುದರಿಂದ ಅದಕ್ಕೆ ದಾರಿಯೂ ಇದೆ. ನನ್ನ ಅಭಿಪ್ರಾಯವನ್ನು ಈಗಲೇ ತಿಳಿಸುವುದು ಒಳ್ಳೆಯದು: ಕಟ್ಟಡಕ್ಕಿಂತ ಮೊದಲು ತಳಿ ನಿರ್ಧಾರವಾಗಬೇಕು. ತಾಜಾ ಮಾರುಕಟ್ಟೆಗೆಂದು ಬೆಳೆಯುವ, ನೀರಿನಂಶ ಹೆಚ್ಚಿರುವ ಹಣ್ಣಿನಿಂದ ಪೇಸ್ಟ್ ಇಳುವರಿ ಕಡಿಮೆ. ದರ ಕುಸಿದು ರಸ್ತೆಗೆ ಸುರಿಯುವ ಮಾಲನ್ನೇ ನಂಬಿ ಘಟಕ ಕಟ್ಟಿದರೆ ವರ್ಷದ ಬಹುಪಾಲು ಅದು ಖಾಲಿ ನಿಲ್ಲುತ್ತದೆ. ಒಂದು ಹಂಗಾಮು ಆಸಕ್ತ ಸದಸ್ಯರೊಡನೆ ಸಂಸ್ಕರಣೆಗೆ ಒಗ್ಗುವ ತಳಿಗಳನ್ನು ಬೆಳೆದು, ಇಳುವರಿ ಮತ್ತು ಖರೀದಿ ಒಪ್ಪಂದ ಎರಡೂ ಕೈಗೆ ಬಂದ ಮೇಲೆ ಸಾಲಕ್ಕೆ ಹೋಗೋಣ ಎಂಬುದು ನನ್ನ ಪ್ರಸ್ತಾಪ. ಮಂಡಳಿಯಲ್ಲಿ ಬೇರೆ ಅಭಿಪ್ರಾಯವಿದ್ದರೆ ಸಂದರ್ಶನದಲ್ಲಿ ಅದನ್ನು ಕೇಳಲು ಬಯಸುತ್ತೇನೆ.

ಈಗಿನ ಕಂಪನಿಯಲ್ಲಿ ನನ್ನ ಜಾಗಕ್ಕೆ ಬರಬಲ್ಲ ಇಬ್ಬರು ಸಿದ್ಧರಾಗಿದ್ದಾರೆ, ಹಾಗಾಗಿ ಕೆಲಸ ನಿಲ್ಲುವುದಿಲ್ಲ. ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲು ತಾಲ್ಲೂಕಿನಲ್ಲಿ. ಕೊಳವೆಬಾವಿಗೆ ಸಾಲ ಮಾಡಿ ಟೊಮೆಟೊ ನಾಟಿ ಮಾಡುವ ಮನೆಗಳನ್ನು ಹತ್ತಿರದಿಂದ ಬಲ್ಲೆ. ಅವರಿಗಾಗಿ ದುಡಿಯುವ ಹೊಣೆಯನ್ನು ಪೂರ್ಣವಾಗಿ ಹೊರಬೇಕೆಂಬ ಆಸೆಯೇ ಈ ಅರ್ಜಿಗೆ ಕಾರಣ. ಕನ್ನಡ, ತೆಲುಗು ಎರಡರಲ್ಲೂ ರೈತರ ಸಭೆ ನಡೆಸಬಲ್ಲೆ.

ಸ್ವವಿವರ, ಮೂರು ವರ್ಷಗಳ ಲೆಕ್ಕಪರಿಶೋಧಿತ ವರದಿಯ ಸಂಬಂಧಿತ ಪುಟಗಳು ಮತ್ತು ದರ್ಜೆ ಚೀಟಿಯ ಒಂದು ಮಾದರಿಯನ್ನು ಲಗತ್ತಿಸಿದ್ದೇನೆ. ವರದಿಯ ಪುಟಗಳನ್ನು ಹಂಚಿಕೊಳ್ಳಲು ನಮ್ಮ ಅಧ್ಯಕ್ಷರ ಅನುಮತಿ ಇದೆ. ಆಯ್ಕೆಯಾದಲ್ಲಿ ಎರಡು ತಿಂಗಳ ನೋಟಿಸ್ ಅವಧಿ ಮುಗಿಸಿ ಸೇರಬಲ್ಲೆ. ಸಂದರ್ಶನಕ್ಕೆ ಯಾವ ದಿನವಾದರೂ ಕೋಲಾರಕ್ಕೆ ಬರುತ್ತೇನೆ. ಸಾಧ್ಯವಿದ್ದರೆ ಅದಕ್ಕೂ ಮೊದಲು ತಮ್ಮ ಒಂದು ಸಂಗ್ರಹಣಾ ಕೇಂದ್ರವನ್ನು ಬೆಳಗಿನ ಹೊತ್ತು ನೋಡಲು ಅವಕಾಶ ಕೊಡಬೇಕೆಂದು ಕೋರುತ್ತೇನೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿ,
ಸುಮಂಗಲಾ
ಚಿಂತಾಮಣಿ